ಇ-ಇನ್‌ವಾಯ್ಸ್ ಕ್ಯೂಆರ್ ತಾಳೆ

ಇ-ಇನ್‌ವಾಯ್ಸ್ ಕ್ಯೂಆರ್ ತಾಳೆ ಎಂದರೆ ಭಾರತದ ಜಿಎಸ್‌ಟಿ ಇ-ಇನ್‌ವಾಯ್ಸ್ ಮೇಲೆ ಮುದ್ರಿತವಾದ ಕ್ಯೂಆರ್ ಕೋಡ್‌ನಲ್ಲಿರುವ ಅಂಕಿಗಳನ್ನು, ಅದೇ ಪುಟದ ಚಿತ್ರದಿಂದ ಗಣಕವು ಓದಿ ತೆಗೆದ ಪಠ್ಯದೊಂದಿಗೆ ಹೋಲಿಸುವ ಕ್ರಮ.

ಮಾರಾಟಗಾರ ಮತ್ತು ಖರೀದಿದಾರರ ಜಿಎಸ್‌ಟಿ ಸಂಖ್ಯೆಗಳು, ಬಿಲ್ಲಿನ ಸಂಖ್ಯೆ, ದಿನಾಂಕ, ಒಟ್ಟು ಮೊತ್ತ (`TotInvVal`) ಮೊದಲಾದವು ಈ ಕೋಡ್‌ನಲ್ಲಿ ನೋಂದಣಿ ಪೋರ್ಟಲಿನ ಡಿಜಿಟಲ್ ಸಹಿಯೊಡನೆ ಅಡಕವಾಗಿರುತ್ತವೆ. ಆದುದರಿಂದ ಮೊದಲು ಸಹಿಯನ್ನು ಪರಿಶೀಲಿಸಿ, ಬಳಿಕ ಪಠ್ಯದ ಅಲ್ಪವಿರಾಮಗಳನ್ನೂ ರೂಪಾಯಿ ಚಿಹ್ನೆಯನ್ನೂ ತೆಗೆದು ಹೋಲಿಸಬೇಕು.

ಉದಾಹರಣೆಗೆ, ಕೋಡ್‌ನಲ್ಲಿ 118000 ಎಂದಿದ್ದು ಪಠ್ಯದಲ್ಲಿ 1,13,000.00 ಎಂದು ಬಂದರೆ ಕೂಡಲೇ ವಂಚನೆಯೆನ್ನಲಾಗದು. ಮಸುಕಾದ 8 ಕೆಲವೊಮ್ಮೆ 3 ಆಗಿ ಓದಲ್ಪಡುತ್ತದೆ. ಅದೇ ಬಿಲ್ಲಿನಲ್ಲಿ ತೆರಿಗೆಗೆ ಮುಂಚಿನ ಮೌಲ್ಯ 1,00,000, ಕೇಂದ್ರ ಮತ್ತು ರಾಜ್ಯ ತೆರಿಗೆ ತಲಾ 9,000 ಇದ್ದರೆ, ಕೂಡಿದಾಗ 1,18,000 ಬರುವುದರಿಂದ ತಪ್ಪು ಓದಿನದೆಂದು ತಿಳಿಯುತ್ತದೆ. ಬರಿಗಣ್ಣಿಗೂ ಕಾಗದದಲ್ಲಿ ಬೇರೆ ಮೊತ್ತವೇ ಕಂಡರೆ ಬಿಲ್ಲನ್ನು ತಿದ್ದಿರಬಹುದು, ಇಲ್ಲವೇ ಬೇರೊಂದು ಬಿಲ್ಲಿನ ಕೋಡನ್ನು ಇಲ್ಲಿಗೆ ತಂದಿರಬಹುದು. ಎರಡನೆಯ ಸಂದರ್ಭದಲ್ಲಿ ಸಹಿ ಸರಿಯಾಗಿಯೇ ಇರುತ್ತದೆ. ಆದರೆ ಬಿಲ್ಲಿನ ಸಂಖ್ಯೆಯೂ ಸಾಮಾನ್ಯವಾಗಿ ಹೊಂದುವುದಿಲ್ಲ.

ಮಾರಾಟಗಾರರ ಬ್ಯಾಂಕ್ ಖಾತೆಯ ಸಂಖ್ಯೆ ಈ ಸಹಿ ಮಾಡಿದ ಕೋಡ್‌ನಲ್ಲಿ ಇರುವುದಿಲ್ಲ. ಹೀಗಾಗಿ ಖಾತೆಯನ್ನಷ್ಟೇ ಬದಲಿಸಿದ ಬಿಲ್ಲು ಈ ತಾಳೆಯಲ್ಲಿ ತೇರ್ಗಡೆಯಾಗಿಬಿಡುತ್ತದೆ. ಖಾತೆಯ ವಿವರವನ್ನು ಮಾರಾಟಗಾರರನ್ನೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ.