ಮರುಕಳಿಸುವ ನಾಸಾರಕ್ತಸ್ರಾವ: ಮಗುವಿನಲ್ಲಿ ಮತ್ತು ವೃದ್ಧರಲ್ಲಿ

ಮೂಗಿನ ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ನಡುಗೋಡೆಯ ಮುಂಭಾಗದಲ್ಲಿ, ಬೆರಳ ತುದಿ ತಲುಪುವಷ್ಟು ಹತ್ತಿರದಲ್ಲಿ, ಹಲವು ಅಪಧಮನಿಗಳ ಕವಲುಗಳು ಕೂಡಿ ಒಂದು ಜಾಲವಾಗಿವೆ. 1879ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಲಿಟಲ್ ವಿವರಿಸಿದ್ದರಿಂದ ಈ ಜಾಗಕ್ಕೆ ‘ಲಿಟಲ್ ಪ್ರದೇಶ’ ಎಂಬ ಹೆಸರು ಬಂದಿದೆ. ಮೂಗಿನಿಂದ ಬರುವ ರಕ್ತದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇಲ್ಲಿನದೇ. ಉಳಿದದ್ದು ಮೂಗಿನ ಹಿಂಭಾಗದ, ಗಂಟಲಿಗೆ ಸಮೀಪವಾದ ದಪ್ಪ ರಕ್ತನಾಳಗಳಿಂದ ಬರುತ್ತದೆ. ಮಕ್ಕಳಲ್ಲಿ ರಕ್ತ ಬಹುತೇಕ ಮುಂಭಾಗದಿಂದಲೇ ಬರುವುದರಿಂದಲೂ, ವಯಸ್ಸಾದಂತೆ ಹಿಂಭಾಗದ ಸ್ರಾವದ ಸಾಧ್ಯತೆ ಹೆಚ್ಚುವುದರಿಂದಲೂ, ಮೇಲ್ನೋಟಕ್ಕೆ ಒಂದೇ ಆಗಿ ಕಾಣುವ ಈ ತೊಂದರೆಯನ್ನು ಎರಡು ವಯಸ್ಸುಗಳಲ್ಲಿ ಬೇರೆ ಬೇರೆಯಾಗಿಯೇ ಪರಿಶೀಲಿಸಬೇಕಾಗುತ್ತದೆ.

ಕಾಪುವಿನ ಏಳು ವರ್ಷದ ಮಗುವೊಂದಕ್ಕೆ ವಾರದಲ್ಲಿ ಎರಡು ಮೂರು ಸಲ, ಹೆಚ್ಚಾಗಿ ರಾತ್ರಿ ಮಲಗಿದಾಗ ಅಥವಾ ಬೆಳಿಗ್ಗೆ ಏಳುವ ಹೊತ್ತಿಗೆ, ಮೂಗಿನಿಂದ ರಕ್ತ ಬರುತ್ತದೆ ಎಂದು ಭಾವಿಸಿಕೊಳ್ಳಬಹುದು. ಕರಾವಳಿಯ ಮನೆಗಳಲ್ಲಿ ಇದಕ್ಕೆ ಸಿಗುವ ಮೊದಲ ವಿವರಣೆ ‘ಉಷ್ಣ’ ಎಂಬುದು. ಎಳನೀರು ಕುಡಿಸುವುದು, ನೆತ್ತಿಗೆ ತಣ್ಣೀರು ತಟ್ಟುವುದು ಅದರ ಪರಿಹಾರ. ಇವುಗಳಿಂದ ಹಾನಿಯಿಲ್ಲ, ಆದರೆ ಕಾರಣ ಬೇರೆಡೆ ಇರುತ್ತದೆ. ನೆಗಡಿಯಿಂದಲೋ ಧೂಳಿನ ಅಲರ್ಜಿಯಿಂದಲೋ ಲೋಳೆಪೊರೆ ಕೆರಳಿ, ಸಿಂಬಳ ಒಣಗಿ ಹಕ್ಕಳೆಯಾಗುತ್ತದೆ, ಹಕ್ಕಳೆ ತುರಿಸುತ್ತದೆ, ಮಗು ನಿದ್ದೆಯಲ್ಲೇ ಬೆರಳು ಹಾಕಿ ಅದನ್ನು ಕಿತ್ತಾಗ ಕೆಳಗಿನ ಎಳೆಯ ರಕ್ತನಾಳ ಒಡೆಯುತ್ತದೆ, ಗಾಯ ಮಾಯುವಾಗ ಮತ್ತೆ ಹಕ್ಕಳೆ ಕಟ್ಟುತ್ತದೆ. ಆ ಜಾಗದಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಉರಿಯೂತವನ್ನು ಉಳಿಸಿ ಈ ಚಕ್ರಕ್ಕೆ ನೆರವಾಗುತ್ತವೆ. ಚಕ್ರವನ್ನು ಮುರಿಯುವುದೇ ಚಿಕಿತ್ಸೆ: ಉಗುರು ಕತ್ತರಿಸಿಡುವುದು, ವೈದ್ಯರು ಸೂಚಿಸಿದ ನಂಜುನಿವಾರಕ ಮುಲಾಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹೊಳ್ಳೆಯ ಒಳಅಂಚಿಗೆ ಕೆಲವು ವಾರ ಸವರುವುದು, ಅಲರ್ಜಿಯಿದ್ದರೆ ಅದಕ್ಕೆ ಮದ್ದು ಮಾಡುವುದು. ಇಷ್ಟರಿಂದಲೂ ನಿಲ್ಲದಿದ್ದರೆ ತಜ್ಞರು ಉಬ್ಬಿದ ರಕ್ತನಾಳವನ್ನು ಸಿಲ್ವರ್ ನೈಟ್ರೇಟ್ ಕಡ್ಡಿಯಿಂದ ಸುಡುತ್ತಾರೆ. ನಡುಗೋಡೆಯ ಎರಡೂ ಬದಿಗಳನ್ನು ಒಂದೇ ಸಲಕ್ಕೆ ಸುಡುವುದಿಲ್ಲ. ಹಾಗೆ ಮಾಡಿದರೆ ಮೃದ್ವಸ್ಥಿಗೆ ಪೋಷಣೆ ತಪ್ಪಿ ನಡುಗೋಡೆಯಲ್ಲಿ ತೂತು ಬೀಳುವ ಅಪಾಯವಿದೆ.

ಪ್ರಥಮ ಚಿಕಿತ್ಸೆ ಎರಡೂ ವಯಸ್ಸಿಗೆ ಒಂದೇ ಆಗಿದ್ದು, ಅದು ವಿಫಲವಾಗುವುದು ಸಾಮಾನ್ಯವಾಗಿ ಬೆರಳಿಡುವ ಜಾಗ ತಪ್ಪುವುದರಿಂದ. ರಕ್ತ ಬರುತ್ತಿರುವವರನ್ನು ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಎಲುಬು ಮುಗಿದ ಕೆಳಗಿನ ಮೆತ್ತನೆಯ ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗಟ್ಟಿಯಾಗಿ ಹಿಡಿದು, ಬಾಯಿಂದ ಉಸಿರಾಡಲು ಹೇಳಬೇಕು. ಮೇಲಿನ ಎಲುಬನ್ನು ಹಿಡಿದರೆ ಒತ್ತಡ ರಕ್ತನಾಳಕ್ಕೆ ತಾಗುವುದೇ ಇಲ್ಲ. ಗಡಿಯಾರ ನೋಡಿಕೊಂಡು ಹತ್ತರಿಂದ ಹದಿನೈದು ನಿಮಿಷ ಬಿಡದೆ ಒತ್ತಬೇಕು. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಬಿಟ್ಟು ನೋಡಿದರೆ ಆಗತಾನೆ ಕಟ್ಟುತ್ತಿದ್ದ ಹೆಪ್ಪು ಕಿತ್ತುಹೋಗುತ್ತದೆ. ತಲೆಯನ್ನು ಹಿಂದಕ್ಕೆ ಚಾಚಿಸುವ ವಾಡಿಕೆಯಿಂದ ರಕ್ತ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದಾಗುತ್ತದೆ ಅಷ್ಟೆ. ನುಂಗಿದ ರಕ್ತ ಹೊಟ್ಟೆಯಲ್ಲಿ ಕೆರಳಿ ವಾಂತಿಯಾಗುತ್ತದೆ. ಬಾಯಿಗೆ ಬಂದ ರಕ್ತವನ್ನು ಉಗುಳಬೇಕು. ಎಷ್ಟು ಹೋಗುತ್ತಿದೆ ಎಂಬ ಅಂದಾಜೂ ಅದರಿಂದ ಸಿಗುತ್ತದೆ. ನಿಂತ ಬಳಿಕ ಒಂದು ದಿನ ಮೂಗು ಸೀಟುವುದನ್ನೂ ಬಿಸಿ ಪಾನೀಯವನ್ನೂ ಬಿಡುವುದು ಒಳ್ಳೆಯದು.

ಮಗುವಿನಲ್ಲಿ ಎಷ್ಟು ಸಲ ರಕ್ತ ಬಂತು ಎಂಬುದಕ್ಕಿಂತ ಅದರ ಜೊತೆಗೆ ಇನ್ನೇನಿದೆ ಎಂಬುದು ಮುಖ್ಯ. ಕಾಲಿನ ಚರ್ಮದಲ್ಲಿ ಒತ್ತಿದರೂ ಮಾಸದ ಸಾಸಿವೆಗಾತ್ರದ ಕೆಂಪು ಚುಕ್ಕೆಗಳು, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು, ವಸಡಿನ ರಕ್ತ ಇವು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಕೊರತೆಯನ್ನು ಸೂಚಿಸುತ್ತವೆ. ಇವುಗಳೊಡನೆ ಬಿಳಿಚಿಕೊಂಡ ಮೈ, ವಾರಗಟ್ಟಲೆಯ ಜ್ವರ ಸೇರಿದರೆ ರಕ್ತದ ಕ್ಯಾನ್ಸರ್ ಇಲ್ಲವೆಂದೂ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಹಲ್ಲು ಕಿತ್ತಾಗ ತಡವಾಗಿ ನಿಂತ ರಕ್ತ ಅಥವಾ ತಾಯಿಯ ವಿಪರೀತ ಮುಟ್ಟಿನ ಸ್ರಾವದ ಇತಿಹಾಸವಿದ್ದರೆ ಹುಟ್ಟಿನಿಂದಲೇ ಬರುವ ಫಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಪರೀಕ್ಷೆ ಆಗಬೇಕು. ಯಾವಾಗಲೂ ಒಂದೇ ಹೊಳ್ಳೆಯಿಂದ ದುರ್ನಾತದ ಸ್ರಾವ ಬಂದರೆ ಮಣಿಯೋ ಬೀಜವೋ ಒಳಗೆ ಸಿಕ್ಕಿರುವ ಸಂಭವವಿದೆ. ಹದಿಹರೆಯದ ಹುಡುಗನಿಗೆ ಒಂದು ಹೊಳ್ಳೆ ಕಟ್ಟಿಕೊಂಡು ಪದೇ ಪದೇ ಹೇರಳವಾಗಿ ರಕ್ತ ಹೋದರೆ ಅದು ಆಂಜಿಯೋಫೈಬ್ರೋಮಾ, ಅಂದರೆ ರಕ್ತನಾಳಗಳಿಂದ ತುಂಬಿದ ಗಡ್ಡೆ, ಆಗಿರಬಹುದು. ಸ್ಕ್ಯಾನ್ ಇಲ್ಲದೆ ಅದರ ತುಣುಕು ತೆಗೆಯುವುದು ಅಪಾಯಕರ.

ಕರಾವಳಿಯ ಈ ಭಾಗಕ್ಕೆ ವಿಶೇಷವಾಗಿ ಸಲ್ಲುವ ಎರಡು ಕಾರಣಗಳಿವೆ. ಮೊದಲನೆಯದು ರೈನೋಸ್ಪೊರಿಡಿಯೋಸಿಸ್. 1900ರಲ್ಲಿ ಗಿಲ್ಲೆರ್ಮೊ ಸೀಬರ್ ಬ್ಯೂನಸ್ ಐರಿಸ್‌ನಲ್ಲಿ ಮೊದಲು ವರ್ಣಿಸಿದರೂ ಈ ರೋಗದ ನೆಲೆ ಹೆಚ್ಚಾಗಿ ದಕ್ಷಿಣ ಭಾರತ ಮತ್ತು ಶ್ರೀಲಂಕಾ. ನಿಂತ ನೀರಿನಲ್ಲಿ ಮೀಯುವವರಲ್ಲಿ ಇದು ಕಾಣುತ್ತದೆ. ಕೆರೆ, ಮದಗ, ನೀರು ತುಂಬಿದ ಕೆಂಪುಕಲ್ಲಿನ ಕೋರೆಗಳು ಸಾಲಾಗಿರುವ ಕಾರ್ಕಳ, ಕಾಪುಗಳ ಕಡೆ ಇದನ್ನು ನೆನಪಿನಲ್ಲಿಡಬೇಕು. ಮುಟ್ಟಿದರೆ ರಕ್ತ ಒಸರುವ, ಮೇಲೆ ಬಿಳಿ ಚುಕ್ಕೆಗಳಿರುವ ಕೆಂಪು ಮಾಂಸದ ಮುದ್ದೆ ಅದರ ಗುರುತು. ಮುಲಾಮಿಗೆ ಅದು ಜಗ್ಗುವುದಿಲ್ಲ. ಬುಡಸಮೇತ ತೆಗೆದು ಬುಡವನ್ನು ಸುಡಬೇಕು, ಆದರೂ ಮರಳಿ ಬರುವುದುಂಟು. ಎರಡನೆಯದು ಜ್ವರದೊಂದಿಗೆ ಬರುವ ರಕ್ತ: ಮಳೆಗಾಲದ ಡೆಂಗ್ಯೂ ಮತ್ತು ಇಲಿಜ್ವರ, ಬೇಸಗೆಯ ಮುಂಚೆ ಘಟ್ಟದ ಮೇಲಿನ ಮಂಗನ ಕಾಯಿಲೆ. 2019ರ ಮಂಗನ ಕಾಯಿಲೆಯ ಹಾವಳಿಯಲ್ಲಿ ಸಾಗರ ತಾಲೂಕಿನ ರೋಗಿಗಳನ್ನು ಮಣಿಪಾಲಕ್ಕೆ ಕರೆತಂದು ಚಿಕಿತ್ಸೆ ನೀಡಲಾಗಿತ್ತು. ಇಂಥ ಜ್ವರಗಳಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ವೃದ್ಧರ ಚಿತ್ರ ಬೇರೆ. ಕಾರ್ಕಳದ ಎಪ್ಪತ್ತರ ಆಸುಪಾಸಿನ, ಹೃದಯದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಸೇವಿಸುತ್ತಿರುವ ವ್ಯಕ್ತಿಗೆ ನಸುಕಿನಲ್ಲಿ ರಕ್ತ ಆರಂಭವಾಗಿ, ಹದಿನೈದು ನಿಮಿಷ ಸರಿಯಾಗಿ ಒತ್ತಿದರೂ ಹೊಳ್ಳೆಯಿಂದ ನಿಂತಂತೆ ಕಂಡು ಗಂಟಲಿಗೆ ಇಳಿಯುತ್ತಲೇ ಇದ್ದರೆ, ಅದು ಹಿಂಭಾಗದ ಸ್ರಾವವೆಂದೇ ತಿಳಿದು 108ಕ್ಕೆ ಕರೆ ಮಾಡಬೇಕು. ಬೆರಳಿನ ಒತ್ತಡ ಅಲ್ಲಿಗೆ ತಲುಪದು. ವಯಸ್ಸಾದ ರಕ್ತನಾಳದ ಸ್ನಾಯುಪದರ ಗಡುಸಾಗಿರುವುದರಿಂದ ಅದು ಕುಗ್ಗಿ ತಾನಾಗಿ ಮುಚ್ಚಿಕೊಳ್ಳದು. ಆಸ್ಪತ್ರೆಯಲ್ಲಿ ಮೂಗಿಗೆ ಉಬ್ಬುವ ಪ್ಯಾಕ್ ತುರುಕಲಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಎಂಡೋಸ್ಕೋಪಿನ ಮೂಲಕ ಮೂಗಿನ ಹಿಂಭಾಗಕ್ಕೆ ರಕ್ತ ಪೂರೈಸುವ ಅಪಧಮನಿಯನ್ನು ಕ್ಲಿಪ್ ಹಾಕಿ ಮುಚ್ಚಲಾಗುತ್ತದೆ.

ಆ ಹೊತ್ತಿಗೆ ಅಳೆದ ರಕ್ತದೊತ್ತಡ ಏರಿರುವುದನ್ನು ಕಂಡು ‘ಬಿಪಿ ಏರಿ ಮೂಗು ಒಡೆಯಿತು’ ಎನ್ನುವುದು ರೂಢಿ. ಆದರೆ ಆ ಏರಿಕೆಯಲ್ಲಿ ಭಯದ ಪಾಲೂ ದೊಡ್ಡದು, ಮತ್ತು ರಕ್ತದೊತ್ತಡವೇ ನೇರ ಕಾರಣವೆಂಬುದು ಇಂದಿಗೂ ವಿವಾದಿತ. ಗಾಬರಿಯಲ್ಲಿ ಹೆಚ್ಚುವರಿ ಮಾತ್ರೆ ನುಂಗಿಸಿ ಒತ್ತಡವನ್ನು ಥಟ್ಟನೆ ಇಳಿಸಿದರೆ, ರಕ್ತ ಕಳೆದುಕೊಂಡ ದೇಹದಲ್ಲಿ ಮಿದುಳಿಗೂ ಹೃದಯಕ್ಕೂ ಪೂರೈಕೆ ಕುಸಿಯಬಹುದು. ರಕ್ತ ತೆಳುಗೊಳಿಸುವ ಮಾತ್ರೆಯನ್ನು ಮನೆಯವರೇ ನಿಲ್ಲಿಸುವುದು ಇದಕ್ಕಿಂತ ದೊಡ್ಡ ತಪ್ಪು. ಹೊಸ ಸ್ಟೆಂಟ್ ಮುಚ್ಚಿಹೋದರೆ ಆಗುವ ಹಾನಿ ಮೂಗಿನ ರಕ್ತಕ್ಕಿಂತ ಎಷ್ಟೋ ಪಾಲು ಹೆಚ್ಚು. ಆಸ್ಪತ್ರೆಗೆ ಹೊರಡುವಾಗ ಮಾತ್ರೆಗಳ ಚೀಟಿಯನ್ನು ಕೈಯಲ್ಲಿ ಹಿಡಿದಿರಬೇಕು. ವಾರ್ಫರಿನ್ ಸೇವಿಸುವವರಾದರೆ ಐಎನ್‌ಆರ್ ಪರೀಕ್ಷೆಯಿಂದ ಹೆಪ್ಪುಗಟ್ಟುವಿಕೆ ಎಷ್ಟು ನಿಧಾನವಾಗಿದೆಯೆಂದು ತಿಳಿಯುತ್ತದೆ. ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕಾದ ಆ ಸಂಖ್ಯೆ ಮೀರಿದ್ದರೆ ವೈದ್ಯರು ಪ್ರಮಾಣವನ್ನು ಬದಲಿಸುತ್ತಾರೆ.

ರಕ್ತ ನಿಂತ ಮೇಲೂ ಹಿರಿಯರ ವಿಷಯದಲ್ಲಿ ಒಂದು ಕೆಲಸ ಉಳಿಯುತ್ತದೆ. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿಕೊಂಡು ರಕ್ತ ಬೆರೆತ ಸಿಂಬಳ ಬರುತ್ತಿದ್ದರೆ, ಅದೇ ಬದಿಯ ಕಿವಿ ಮಂದವಾಗಿದ್ದರೆ, ಕತ್ತಿನಲ್ಲಿ ಗಂಟು ಕೈಗೆ ಸಿಕ್ಕಿದರೆ, ಕೆನ್ನೆ ಜೋಮುಹಿಡಿದರೆ, ಸ್ರಾವ ಎಷ್ಟೇ ಅಲ್ಪವಿದ್ದರೂ ಕಿವಿ-ಮೂಗು-ಗಂಟಲು ತಜ್ಞರು ಎಂಡೋಸ್ಕೋಪಿನಿಂದ ಮೂಗಿನ ಹಿಂಭಾಗವನ್ನು ಪೂರ್ತಿ ನೋಡಿ, ಸಂಶಯವಿದ್ದರೆ ಸ್ಕ್ಯಾನ್ ಮಾಡಿಸಿ, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.