ಒಪ್ಪಿಗೆ ಪತ್ರದ ಮೂರು ಮಾತುಗಳು: ಔಷಧ ಪ್ರಯೋಗದ ಹಂಚಿಕೆ, ಪ್ಲಸೀಬೊ ಮತ್ತು ಹಿಂದೆ ಸರಿಯುವ ಹಕ್ಕು ಕನ್ನಡದಲ್ಲಿ

ಹೊಸ ಚಿಕಿತ್ಸೆಯೊಂದನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಇಂದು ಮೂರು ಮಾತುಗಳು ಒಟ್ಟಿಗೆ ಕಾಣುತ್ತವೆ. ಯಾರಿಗೆ ಯಾವ ಮದ್ದು ಎಂಬುದು ಯಾರ ಇಷ್ಟಕ್ಕೂ ಬಿಡದ ಹಂಚಿಕೆಯಿಂದ ನಿರ್ಧಾರವಾಗುತ್ತದೆ ಎಂಬುದು ಒಂದು, ಕೆಲವರಿಗೆ ಸಿಗುವುದು ಮದ್ದಿನ ಅಂಶವೇ ಇಲ್ಲದ ಪ್ಲಸೀಬೊ ಎಂಬುದು ಇನ್ನೊಂದು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂಬುದು ಮೂರನೆಯದು. ಇವು ಒಂದೇ ಕಾಲದಲ್ಲಿ ಹುಟ್ಟಿದವಲ್ಲ, ಒಂದೇ ದಾರಿಯಲ್ಲಿ ಬಂದವೂ ಅಲ್ಲ. ಕನ್ನಡದ ಒಪ್ಪಿಗೆ ಪತ್ರಗಳಲ್ಲಿ ಈ ಮೂರು ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳಂತೆ ಕಾಣುವುದಕ್ಕೆ ಅವುಗಳ ಈ ಬೇರೆ ಬೇರೆ ಚರಿತ್ರೆಯೂ ಒಂದು ಕಾರಣವೆನ್ನಬಹುದು.

ಮೂರರಲ್ಲಿ ಹಿಂದೆ ಸರಿಯುವ ಹಕ್ಕೇ ಹಿರಿಯದು. ನಾಜಿ ವೈದ್ಯರ ವಿಚಾರಣೆಯ ತೀರ್ಪಿನ ಭಾಗವಾಗಿ 1947ರಲ್ಲಿ ಹೊರಬಂದ ನ್ಯೂರೆಂಬರ್ಗ್ ಸಂಹಿತೆಯ ಒಂಬತ್ತನೆಯ ಅಂಶ ಈ ಹಕ್ಕನ್ನು ಹೇಳುತ್ತದೆಯಾದರೂ, ಮುಂದುವರಿಯುವುದು ಅಸಾಧ್ಯವೆನಿಸುವ ದೈಹಿಕ ಅಥವಾ ಮಾನಸಿಕ ಸ್ಥಿತಿಯನ್ನು ತಲುಪಿದಾಗ ಎಂಬ ಷರತ್ತನ್ನೂ ಅದಕ್ಕೆ ಕಟ್ಟಿತ್ತು. ಕಾರಣ ಹೇಳದೆಯೂ ಬಿಡಬಹುದು ಎಂಬ ಮಾತು ಸ್ಥಿರವಾಗಿದ್ದು ಆಮೇಲೆ. ಆದರೆ ಮರುವರ್ಷವೇ, 1948ರಲ್ಲಿ, ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ 107 ಕ್ಷಯರೋಗಿಗಳನ್ನು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಸಿದ್ಧಪಡಿಸಿದ ಯಾದೃಚ್ಛಿಕ ಸಂಖ್ಯೆಗಳ ಮೇಲೆ, ಮುಚ್ಚಿದ ಲಕೋಟೆಗಳ ಮೂಲಕ ಎರಡು ಗುಂಪಾಗಿ ಹಂಚಲಾಯಿತು. 55 ಮಂದಿಗೆ ಮದ್ದು ಮತ್ತು ಹಾಸಿಗೆ ವಿಶ್ರಾಂತಿ ಎರಡೂ ಸಿಕ್ಕವು, ಉಳಿದ 52 ಮಂದಿಗೆ ವಿಶ್ರಾಂತಿಯಷ್ಟೇ. ವಿಶ್ರಾಂತಿಯ ಗುಂಪಿನವರಿಗೆ ತಾವೊಂದು ಪ್ರಯೋಗದಲ್ಲಿದ್ದೇವೆ ಎಂಬುದೇ ತಿಳಿದಿರಲಿಲ್ಲ. ಹೀಗೆ ಆಧುನಿಕ ವೈದ್ಯಕೀಯದ ಅತ್ಯಂತ ಪ್ರಾಮಾಣಿಕ ಪರೀಕ್ಷಾ ವಿಧಾನವೆಂದು ಹೆಸರಾದ ಯಾದೃಚ್ಛಿಕ ಹಂಚಿಕೆ ರೋಗಿಗೆ ಹೇಳದೆಯೇ ಆರಂಭವಾಯಿತು.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1980ರಲ್ಲಿ ನೀತಿಸೂತ್ರವೊಂದನ್ನು ಪ್ರಕಟಿಸಿತು. ಔಷಧ ನಿಯಮಗಳ ಷೆಡ್ಯೂಲ್ ವೈ 2005ರಲ್ಲಿ ಪರಿಷ್ಕೃತವಾದಾಗ, ಪ್ರತಿಯೊಂದು ಚಿಕಿತ್ಸೆಯ ಗುಂಪಿಗೆ ಸೇರುವ ಸಂಭವ ಎಷ್ಟು ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ತಿಳಿಸಬೇಕೆಂಬ ಅಂಶ ಅದರಲ್ಲಿತ್ತು; ಸ್ವಇಚ್ಛೆಯ ಮತ್ತು ಹಿಂದೆ ಸರಿಯುವ ಮಾತುಗಳೂ ಇದ್ದವು. ಪ್ಲಸೀಬೊಗೆ ಚಿಕಿತ್ಸೆಯ ಪರಿಣಾಮವಿರುವುದಿಲ್ಲ ಎಂದು ಬಿಡಿಸಿ ಬರೆಯಬೇಕೆಂಬ ಪ್ರತ್ಯೇಕ ಅಂಶವಾದರೋ, ಪ್ರಯೋಗಗಳಲ್ಲಿ ಸತ್ತವರ ಹಾಗೂ ನೊಂದವರ ಪರಿಹಾರದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೇಲಿನ ಕಾಲದ್ದು. 2019ರ ಮಾರ್ಚ್ 19ರಂದು ಜಾರಿಯಾದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಗಳ ಮೂರನೆಯ ಅನುಸೂಚಿಯಲ್ಲಿ ಇಂದು ಈ ಮೂರೂ ಒಂದೇ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವುದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಕಾನೂನಿಗೆ ತೃಪ್ತಿಯಾಗುತ್ತದೆ, ಓದುವವರಿಗೆ ಅಲ್ಲ.

ಈ ವ್ಯತ್ಯಾಸ ಸ್ಪಷ್ಟವಾಗಲು ಕರ್ನಾಟಕದ್ದೇ ಒಂದು ಪ್ರಯೋಗವನ್ನು ತೆಗೆದುಕೊಳ್ಳಬಹುದು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಜ್ಞರು ಅಮೆರಿಕದ ಸಹೋದ್ಯೋಗಿಗಳೊಡನೆ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ, 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾಗುವ 1620 ಮಹಿಳೆಯರು ಭಾಗವಹಿಸಿದ್ದರು. ಮಗು ಹುಟ್ಟಿದ ಕೂಡಲೇ 812 ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ, 808 ಮಂದಿಗೆ ನೋಡಲು ಅದರಂತೆಯೇ ಇದ್ದ ಪ್ಲಸೀಬೊ ಕೊಡಲಾಯಿತು. ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಕುಗ್ಗಿಸಿ ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುತ್ತದೆಯೇ ಎಂಬುದು ಪ್ರಶ್ನೆಯಾಗಿತ್ತು. ಅತಿಯಾದ ರಕ್ತಸ್ರಾವ ಪ್ಲಸೀಬೊ ಗುಂಪಿನಲ್ಲಿ ಶೇ. 12ರಷ್ಟು, ಮದ್ದಿನ ಗುಂಪಿನಲ್ಲಿ ಶೇ. 6.4ರಷ್ಟು ಕಂಡುಬಂದಿತು. ಮಾತ್ರೆ ಕೊಟ್ಟವರೂ ರಕ್ತ ಅಳೆದವರೂ ಹಳ್ಳಿಯವರು ನರ್ಸಮ್ಮ ಎಂದೇ ಕರೆಯುವ ಎ.ಎನ್.ಎಂ.ಗಳು. ಈ ಪ್ರಯೋಗದ ಮೂಲ ಒಪ್ಪಿಗೆ ಪತ್ರವನ್ನು ವಿಶ್ಲೇಷಿಸುವುದು ಇಲ್ಲಿನ ಉದ್ದೇಶವಲ್ಲ; ಇದೇ ಬಗೆಯ ಪ್ರಯೋಗ ಇಂದು ಹಳೇಬೀಡು ಅಥವಾ ಅರಸೀಕೆರೆಯ ಸೀಮೆಯಲ್ಲಿ ನಡೆಯುವುದಾದರೆ ಅದರ ಮೂರು ಮಾತುಗಳನ್ನು ಗರ್ಭಿಣಿಯೊಬ್ಬಳಿಗೆ ಹೇಗೆ ಹೇಳಬೇಕಾಗುತ್ತದೆ ಎಂಬುದನ್ನು ನೋಡುವುದು ಉದ್ದೇಶ.

ಮೊದಲನೆಯದು ಹಂಚಿಕೆ. ‘ಭಾಗಿಗಳನ್ನು ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಎಂಬ ವಾಕ್ಯ ಒಪ್ಪಿಗೆ ಪತ್ರಗಳಿಗೆ ಒಗ್ಗಿಹೋದ ಮಾದರಿ. ಕನ್ನಡ ಅನುವಾದವನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಮೂಲದೊಡನೆ ಹೋಲಿಸುವ ಮರು ಅನುವಾದದ ಪರೀಕ್ಷೆಯಲ್ಲಿ ಈ ವಾಕ್ಯ ನಿರಾಯಾಸವಾಗಿ ತೇರ್ಗಡೆಯಾಗುತ್ತದೆ, ಏಕೆಂದರೆ ಆ ಪರೀಕ್ಷೆ ಅಳೆಯುವುದು ಅನುವಾದಕರ ನಿಷ್ಠೆಯನ್ನು, ಓದುಗರ ಗ್ರಹಿಕೆಯನ್ನಲ್ಲ. ಇದಕ್ಕೆ ಪರಿಹಾರವಾಗಿ ‘ಚೀಟಿ ಎತ್ತಿದಂತೆ’ ಎಂದು ವಿವರಿಸುವುದು ರೂಢಿ, ಮತ್ತು ಅದು ತಕ್ಕ ಮಟ್ಟಿಗೆ ಸರಿಯೂ ಹೌದು. ಆದರೆ ಚೀಟಿಗೆ ನಮ್ಮ ಹಳ್ಳಿಗಳಲ್ಲಿ ಎರಡು ಬೇರೆ ಅರ್ಥಗಳು ಅಂಟಿಕೊಂಡಿವೆ. ಚೀಟಿ ವ್ಯವಹಾರದಲ್ಲಿ ಹೆಸರು ಬಂದವನು ಅದೃಷ್ಟವಂತ, ಹಣ ಅವನದು. ದೇವರ ಮುಂದೆ ಹಾಕಿದ ಚೀಟಿಯಾದರೆ, ಹೂಪ್ರಸಾದ ಕೇಳಿದಾಗಿನಂತೆ, ಬಂದದ್ದು ದೇವರ ಅಪ್ಪಣೆ. ಮೊದಲ ಅರ್ಥದಲ್ಲಿ ಕೇಳಿದವಳು ಒಂದು ಗುಂಪು ಗೆದ್ದದ್ದು, ಇನ್ನೊಂದು ಸೋತದ್ದು ಎಂದುಕೊಳ್ಳುತ್ತಾಳೆ. ಎರಡನೆಯ ಅರ್ಥದಲ್ಲಿ ಕೇಳಿದವಳು ತನಗೆ ತಕ್ಕದ್ದೇ ತನಗೆ ಬಂತೆಂದು ಭಾವಿಸುತ್ತಾಳೆ. ಎರಡೂ ತಪ್ಪು ತಿಳಿವಳಿಕೆಗಳೇ. ಯಾವ ಗುಂಪಿನವರಿಗೆ ಒಳ್ಳೆಯದಾಗುತ್ತದೆಂದು ತಿಳಿಯದೆ ಇರುವುದರಿಂದಲೇ ಪ್ರಯೋಗ ನಡೆಯುತ್ತಿರುತ್ತದೆ.

ಹಾಗಾಗಿ ಚೀಟಿಯ ಹೋಲಿಕೆಯನ್ನು ಬಳಸುವ ಒಪ್ಪಿಗೆ ಪತ್ರ ಅದನ್ನು ಅಲ್ಲಿಗೇ ನಿಲ್ಲಿಸುವಂತಿಲ್ಲ. ಬೆಳಗಾವಿಯ ಮಾದರಿಯ ಪ್ರಯೋಗಕ್ಕೆ ಇಂತಹ ಬರವಣಿಗೆ ಹೊಂದಬಹುದು: ‘ಈ ಅಧ್ಯಯನದಲ್ಲಿ ಎರಡು ಬಗೆಯ ಮಾತ್ರೆಗಳಿವೆ. ನಿಮಗೆ ಯಾವುದು ಎಂಬುದನ್ನು ನೀವಾಗಲಿ ಡಾಕ್ಟರಾಗಲಿ ನರ್ಸಮ್ಮನಾಗಲಿ ಆರಿಸುವುದಿಲ್ಲ. ಅದನ್ನು ಮೊದಲೇ ಕಂಪ್ಯೂಟರಿನಿಂದ, ಚೀಟಿ ಎತ್ತುವಂತೆ, ಗೊತ್ತು ಮಾಡಲಾಗಿದೆ. ನಿಮ್ಮ ಆರೋಗ್ಯ ನೋಡಿ ಆರಿಸಿದ್ದಲ್ಲ. ಇಬ್ಬರು ಸೇರಿದರೆ ಒಬ್ಬರಿಗೆ ಒಂದು ಬಗೆ, ಇನ್ನೊಬ್ಬರಿಗೆ ಇನ್ನೊಂದು ಬಗೆ ಬರುವಷ್ಟು ಸಂಭವವಿದೆ. ಯಾವುದು ಒಳ್ಳೆಯದು ಎಂದು ನಮಗೂ ಇನ್ನೂ ಗೊತ್ತಿಲ್ಲ.’ ಕಾನೂನು ಕೇಳುವ ಸಂಭವದ ಪ್ರಮಾಣ ಇಲ್ಲಿ ಶೇಕಡಾ 50 ಎಂಬ ಅಂಕಿಯಿಲ್ಲದೆಯೇ ಬಂದಿದೆ. ಎಲ್ಲಕ್ಕಿಂತ ಮುಖ್ಯವಾದ ವಾಕ್ಯ ‘ನಿಮ್ಮ ಆರೋಗ್ಯ ನೋಡಿ ಆರಿಸಿದ್ದಲ್ಲ’ ಎಂಬುದು. ಪ್ರಯೋಗದಲ್ಲಿ ತನಗೆ ಸಿಗುವುದೆಲ್ಲ ತನಗಾಗಿಯೇ ಆರಿಸಿದ ಚಿಕಿತ್ಸೆ ಎಂದು ಭಾಗಿಯಾದವರು ನಂಬುವುದನ್ನು ಪಾಲ್ ಆಪಲ್‌ಬಾಮ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿ ಚಿಕಿತ್ಸೆಯ ಭ್ರಮೆ ಎಂಬರ್ಥದ ಹೆಸರಿನಿಂದ ಗುರುತಿಸಿದರು. ವೈದ್ಯರ ಮಾತಿಗೆ ಎದುರಾಡದಿರುವುದೇ ಮರ್ಯಾದೆ ಎಂದಿರುವ ಕಡೆ ಈ ಭ್ರಮೆ ಇನ್ನಷ್ಟು ಗಟ್ಟಿಯಾಗಿರುತ್ತದೆ.

ಎರಡನೆಯದು ಪ್ಲಸೀಬೊ. ಮದ್ದಿನಂತೆಯೇ ಬಣ್ಣ, ಆಕಾರಗಳಿದ್ದು ಮದ್ದಿನ ಅಂಶವಿಲ್ಲದ ಮಾತ್ರೆ ಎಂದು ವಿವರಿಸುವುದು ಕಷ್ಟವಲ್ಲ. ‘ನಕಲಿ ಮಾತ್ರೆ’ ಎಂಬ ಪದ ಮಾತ್ರ ಬೇಡ, ಅದು ಮೋಸವನ್ನು ಸೂಚಿಸುತ್ತದೆ. ಕಷ್ಟವಿರುವುದು ಮುಂದಿನ ಪ್ರಶ್ನೆಯಲ್ಲಿ: ಪ್ಲಸೀಬೊ ಬಂದವಳಿಗೆ ರಕ್ತ ಹೋಗತೊಡಗಿದರೆ ಏನು ಗತಿ? ನಿಯಮ ಕೇಳುವ ‘ಚಿಕಿತ್ಸೆಯ ಪರಿಣಾಮವಿರುವುದಿಲ್ಲ’ ಎಂಬ ವಾಕ್ಯ ಇದಕ್ಕೆ ಉತ್ತರಿಸುವುದಿಲ್ಲ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಆಸ್ಪತ್ರೆಗಳಲ್ಲಿ ಇರುವಾಗ ಪ್ಲಸೀಬೊ ಸರಿಯೇ ಎಂಬ ನೈತಿಕ ಪ್ರಶ್ನೆ ಬೆಳಗಾವಿಯ ಪ್ರಯೋಗಕ್ಕೂ ಸಹಜವಾಗಿಯೇ ಎದುರಾಗುತ್ತದೆ. ಮನೆಯ ಹೆರಿಗೆಗಳಲ್ಲಿ ಅಂತಹ ಚುಚ್ಚುಮದ್ದಿನ ಸೌಲಭ್ಯವೇ ಇರಲಿಲ್ಲ ಎಂಬುದು ಅದಕ್ಕಿರುವ ಸಮರ್ಥನೆ. ಆ ಸಮರ್ಥನೆ ಒಂದು ಕಾಲಕ್ಕೆ, ಒಂದು ಸೀಮೆಗೆ ಸೇರಿದ್ದು. ಆಸ್ಪತ್ರೆಯ ಹೆರಿಗೆಯೇ ಸಾಮಾನ್ಯವಾಗಿರುವ ಇಂದಿನ ಹಾಸನ ಜಿಲ್ಲೆಯಲ್ಲಿ ಅದೇ ಪ್ಲಸೀಬೊವನ್ನು ಯಾವ ನೈತಿಕ ಸಮಿತಿಯೂ ಒಪ್ಪಲಾರದು, ಒಪ್ಪಲೂಬಾರದು. ಒಪ್ಪಿಗೆ ಪತ್ರ ಹೇಳಬೇಕಾದದ್ದು ಇಷ್ಟು: ಪ್ರಯೋಗಕ್ಕೆ ಸೇರದಿದ್ದರೆ ಆಕೆಗೆ ಏನು ಸಿಗುತ್ತಿತ್ತು, ಸೇರಿದರೆ ಅದರಲ್ಲಿ ಯಾವುದಾದರೂ ತಪ್ಪುತ್ತದೆಯೇ, ಮತ್ತು ತುರ್ತಿನಲ್ಲಿ ಯಾವ ಮಾತ್ರೆ ಕೊಟ್ಟಿದ್ದೆಂಬ ಗುಟ್ಟನ್ನು ಯಾರು ಬಿಚ್ಚಬಲ್ಲರು. ‘ಯಾವ ಮಾತ್ರೆ ಬಂದಿದ್ದರೂ ರಕ್ತ ಹೆಚ್ಚು ಹೋದರೆ ಕೂಡಲೇ ಆಸ್ಪತ್ರೆಗೆ ಸಾಗಿಸಿ ಚಿಕಿತ್ಸೆ ಕೊಡಲಾಗುತ್ತದೆ’ ಎಂಬ ವಾಕ್ಯವನ್ನು ಬರೆಯಬೇಕಾದರೆ ಆ ಸಾಗಾಟದ ವ್ಯವಸ್ಥೆ ನಿಜವಾಗಿಯೂ ಇರಬೇಕು.

ಈ ಎರಡು ಮಾತುಗಳು ಅರ್ಥವಾದವೇ ಎಂದು ತಿಳಿಯಲು ‘ಅರ್ಥ ಆಯ್ತಾ?’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಉತ್ತರ ಯಾವಾಗಲೂ ‘ಹೂಂ’. ‘ನಿಮಗೆ ಯಾವ ಮಾತ್ರೆ ಕೊಡ್ತಾರೆ, ಹೇಳಿ’ ಎಂದು ಕೇಳಿದಾಗ ‘ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿರಲ್ಲ’ ಎಂದವಳಿಗೆ ಅರ್ಥವಾಗಿದೆ. ‘ನನಗೆ ಯಾವುದು ಆಗುತ್ತೋ ಅದನ್ನೇ ಕೊಡ್ತಾರೆ’ ಎಂದವಳ ಸಹಿಯನ್ನು ಆ ದಿನ ತೆಗೆದುಕೊಳ್ಳಬಾರದು. ಓದುಬರಹ ಬಾರದವರ ಒಪ್ಪಿಗೆಗೆ ಪ್ರಯೋಗದೊಡನೆ ಸಂಬಂಧವಿಲ್ಲದ ಸಾಕ್ಷಿ ಇರಬೇಕೆಂದು ನಿಯಮವಿದೆ. ಈ ಪ್ರಶ್ನೋತ್ತರವನ್ನು ಕೇಳಿಸಿಕೊಳ್ಳುವುದೇ ಆ ಸಾಕ್ಷಿಯ ನಿಜವಾದ ಕೆಲಸ, ಹೆಬ್ಬೆಟ್ಟು ಒತ್ತಿದ್ದನ್ನು ನೋಡುವುದಷ್ಟೇ ಅಲ್ಲ.

ಮೂರನೆಯದಾದ ಹಿಂದೆ ಸರಿಯುವ ಹಕ್ಕನ್ನು ಓದುವಾಗ ಅತಿ ಸುಲಭವೆನಿಸುತ್ತದೆ, ಬಳಸುವಾಗ ಅತಿ ಕಷ್ಟ. ಬೆಳಗಾವಿಯ ಪ್ರಯೋಗದಲ್ಲಿ ಮಾತ್ರೆ ಕೊಟ್ಟವರೇ ಹೆರಿಗೆಯನ್ನೂ ಮಾಡಿಸುವ ಎ.ಎನ್.ಎಂ. ಆಗಿದ್ದದ್ದು ಈ ಕಷ್ಟದ ತಿರುಳು. ನಾಳೆ ಮಗುವಿನ ಚುಚ್ಚುಮದ್ದಿಗೂ ಅದೇ ನರ್ಸಮ್ಮನ ಬಳಿ ಹೋಗಬೇಕಾದವಳು, ‘ಬೇಡ’ ಎಂದರೆ ಏನಾದರೂ ತಪ್ಪೀತೇ ಎಂದು ಮೊದಲು ಯೋಚಿಸುತ್ತಾಳೆ. ‘ಯಾವುದೇ ಸೌಲಭ್ಯಕ್ಕೆ ಬಾಧಕವಿಲ್ಲ’ ಎಂಬ ಸಾಮಾನ್ಯ ವಾಕ್ಯದ ಬದಲು ತಾಯಿ ಕಾರ್ಡು, ಪಡಿತರ, ಮಗುವಿನ ಲಸಿಕೆ, ಮುಂದಿನ ಹೆರಿಗೆ ಎಂದು ಆಕೆ ಹೆದರುವ ವಸ್ತುಗಳನ್ನೇ ಹೆಸರಿಸಿ, ಅವಾವುವೂ ತಪ್ಪುವುದಿಲ್ಲ ಎಂದು ಬರೆಯುವುದು ಮೇಲು. ಹಿಂದೆ ಸರಿಯುವ ಮಾತನ್ನು ನರ್ಸಮ್ಮನಿಗೇ ಹೇಳಬೇಕಾಗಿಲ್ಲ, ಬೇರೆ ಯಾರಿಗೆ ಫೋನ್ ಮಾಡಬಹುದು ಎಂಬುದನ್ನೂ ಅಲ್ಲಿಯೇ ತಿಳಿಸಬೇಕು.

ಅದಲ್ಲದೆ ‘ಯಾವಾಗ ಬೇಕಾದರೂ’ ಎಂಬ ಮಾತಿಗೆ ಈ ಪ್ರಯೋಗದಲ್ಲಿ ಒಂದು ಗಡಿಯಿದೆ. ವರ್ಷಗಟ್ಟಲೆ ದಿನವೂ ನುಂಗುವ ಮಾತ್ರೆಯನ್ನು ಯಾವ ದಿನವಾದರೂ ನಿಲ್ಲಿಸಬಹುದು; ಹೆರಿಗೆಯ ಕೂಡಲೇ ಒಂದೇ ಬಾರಿಗೆ ನುಂಗಿದ ಮಾತ್ರೆಯನ್ನು ನಿಲ್ಲಿಸಲಾಗದು. ಆಗ ಉಳಿಯುವುದು ರಕ್ತ ಅಳೆಯುವುದನ್ನು, ಮನೆಗೆ ಬಂದು ವಿಚಾರಿಸುವುದನ್ನು ಬೇಡವೆನ್ನುವ ಹಕ್ಕು ಮಾತ್ರ. ಆದ್ದರಿಂದ ಮಾತ್ರೆ ಬೇಡ, ಆದರೆ ವಿಚಾರಿಸಲು ಬನ್ನಿ ಎಂಬುದು ಒಂದು ಆಯ್ಕೆ, ಎರಡೂ ಬೇಡ ಎಂಬುದು ಇನ್ನೊಂದು ಎಂದು ಒಪ್ಪಿಗೆ ಪತ್ರ ಬಿಡಿಸಿ ಹೇಳಬೇಕಾಗುತ್ತದೆ. ಹಂಚಿಕೆಯಾದ ಗುಂಪಿನಲ್ಲೇ ಎಲ್ಲರನ್ನೂ ಕೊನೆಯವರೆಗೆ ಎಣಿಸಿದರಷ್ಟೇ ಹೋಲಿಕೆ ನ್ಯಾಯವಾಗಿರುವುದರಿಂದ ಸಂಶೋಧಕರು ಮೊದಲನೆಯ ಆಯ್ಕೆಯನ್ನು ಬಯಸುವುದು ಸಹಜ, ಆದರೆ ಎರಡನೆಯದನ್ನು ಮರೆಮಾಚುವಂತಿಲ್ಲ. ಇನ್ನೊಂದೆಡೆ, ನಿಯಮಗಳ ಜೊತೆಗಿರುವ ಒಪ್ಪಿಗೆಯ ನಮೂನೆಯಲ್ಲಿ, ಅಧ್ಯಯನದಿಂದ ದೊರೆತ ಮಾಹಿತಿಯನ್ನು ವೈಜ್ಞಾನಿಕ ಉದ್ದೇಶಕ್ಕೆ ಬಳಸುವುದನ್ನು ನಿರ್ಬಂಧಿಸುವುದಿಲ್ಲ ಎಂಬ ಸಾಲೂ ಇದೆ. ಹಿಂದೆ ಸರಿದ ಮೇಲೂ ಆ ದಿನದವರೆಗಿನ ಅಳತೆಗಳು ಲೆಕ್ಕದಲ್ಲಿ ಉಳಿಯುವುದಾದರೆ, ಅದನ್ನು ಕೊನೆಯ ಪುಟದ ಸಹಿಯ ಬಳಿ ಅಲ್ಲ, ಹಿಂದೆ ಸರಿಯುವ ಹಕ್ಕನ್ನು ಹೇಳಿದ ಪ್ಯಾರಾದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಬರೆಯತಕ್ಕದ್ದು.