ಒಂದು ದಿನದ ಗೈರಿಗೆ ಎಷ್ಟು ದಿನದ ಸಂಬಳ?

ನಾಗಪುರದ ಎಂಪ್ರೆಸ್ ಮಿಲ್ 1877ರ ಜನವರಿ 1ರಂದು ಶುರುವಾಯಿತು. ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು ಘೋಷಣೆಯಾದದ್ದು ಅದೇ ದಿನ, ಹೆಸರು ಬಂದದ್ದೂ ಅಲ್ಲಿಂದಲೇ. ಯಂತ್ರಗಳೇನೋ ಬಂದವು, ಆದರೆ ಜನ ದಿನಾ ಬರುತ್ತಿರಲಿಲ್ಲ. ಮುಂಬಯಿಯ ಗಿರಣಿಗಳಿಗಿಂತ ಇಲ್ಲಿ ಗೈರುಹಾಜರಿ ಬಹಳ ಹೆಚ್ಚಿತ್ತು. ಯಾವ ದಿನ ಎಣಿಸಿದರೂ ಐವರಲ್ಲಿ ಒಬ್ಬ ಇರುತ್ತಿರಲಿಲ್ಲ ಎಂಬ ಲೆಕ್ಕ ಜಮ್ಷೆಟ್‌ಜಿ ಟಾಟಾ ಅವರ ಜೀವನಚರಿತ್ರೆಗಳಲ್ಲಿ ಸಿಗುತ್ತದೆ. ಅವರು ಇದಕ್ಕೆ ಹುಡುಕಿದ ಮದ್ದು ದಂಡವಲ್ಲ. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ, 1901ರಲ್ಲಿ ಭವಿಷ್ಯ ನಿಧಿ ಬಂದವು. ಬಿಟ್ಟುಹೋದರೆ ಕಳೆದುಕೊಳ್ಳುವಂಥದ್ದು ಏನಾದರೂ ಇದ್ದರೆ ಮನುಷ್ಯ ನಿಲ್ಲುತ್ತಾನೆ ಎಂಬ ವ್ಯವಹಾರ ಜ್ಞಾನವೂ ಅದರಲ್ಲಿತ್ತು.

ಎಲ್ಲ ಮಾಲೀಕರೂ ಹೀಗೆ ಯೋಚಿಸಲಿಲ್ಲ. ಮುಂಬಯಿ ಕಡೆಯ ಗಿರಣಿಗಳಲ್ಲಿ ‘ಡಬಲ್ ಖಾಡಾ’ ಎಂಬ ಪದ್ಧತಿಯಿತ್ತು. ಮರಾಠಿಯಲ್ಲಿ ಖಾಡಾ ಎಂದರೆ ಗೈರು. ಹೇಳದೆ ಒಂದು ದಿನ ತಪ್ಪಿಸಿದವನ ಸಂಬಳದಲ್ಲಿ ಎರಡು ದಿನದ್ದು ಹೋಗುತ್ತಿತ್ತು. ಮೊದಲ ದಿನದ್ದು ಮಾಡದ ಕೆಲಸಕ್ಕೆ ಕೊಡದ ಹಣ, ಅದರಲ್ಲಿ ತಕರಾರಿಲ್ಲ. ಎರಡನೆಯದು ದಂಡ. ಸಂಬಳದ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ ಸಾಲಿನಲ್ಲಿ, ಒಂದೇ ಹೆಸರಿನಲ್ಲಿ ಇರುತ್ತಿದ್ದವು.

ಇವೆರಡನ್ನೂ ಬೇರೆ ಮಾಡಿದ್ದು 1936ರ ವೇತನ ಪಾವತಿ ಕಾಯ್ದೆ. 1937ರ ಮಾರ್ಚ್ 28ರಂದು ಅದು ಜಾರಿಗೆ ಬಂದಾಗ ನಾಗಪುರ ಮಧ್ಯಪ್ರಾಂತ್ಯದ ರಾಜಧಾನಿಯಾಗಿತ್ತು. ದಂಡಕ್ಕೆ ಅದು ಬೇರೆಯೇ ಸೆಕ್ಷನ್ ಇಟ್ಟಿತು: ಒಂದು ರೂಪಾಯಿ ಸಂಬಳಕ್ಕೆ ಅರ್ಧಾಣೆಗಿಂತ ಹೆಚ್ಚು ದಂಡ ಕೂಡದು, ಹಾಕುವ ಮುಂಚೆ ಕಾರ್ಮಿಕನ ಮಾತು ಕೇಳಬೇಕು. ಗೈರಿನ ಕಡಿತಕ್ಕೆ ಒಂಬತ್ತನೆಯ ಸೆಕ್ಷನ್. ಅದು ಇಷ್ಟು ದಿನದ್ದು ಹಿಡಿಯಿರಿ ಎನ್ನುವುದಿಲ್ಲ, ಒಂದು ಮಿತಿ ಹಾಕುತ್ತದೆ. ಆ ಅವಧಿಯಲ್ಲಿ ಕೆಲಸಕ್ಕೆ ಬರಬೇಕಿದ್ದ ದಿನಗಳಲ್ಲಿ ಎಷ್ಟು ಪಾಲು ಬರಲಿಲ್ಲವೋ, ಸಂಬಳದಲ್ಲಿ ಅಷ್ಟೇ ಪಾಲು ಹಿಡಿಯಬಹುದು, ಅದಕ್ಕಿಂತ ಹೆಚ್ಚಲ್ಲ.

‘ಬರಬೇಕಿದ್ದ ದಿನಗಳು’ ಎಂಬ ಮಾತಿನಲ್ಲೇ ಕೀಲಿ ಇದೆ. ತಿಂಗಳಿಗೆ 15,600 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಿ. 30 ದಿನದ ತಿಂಗಳು, 4 ಭಾನುವಾರ, ಬೇರೆ ರಜೆ ಇಲ್ಲ. ಕೆಲಸದ ದಿನ 26. ಕೆಲವು ಕಚೇರಿಗಳು 30ರಿಂದ ಭಾಗಿಸುತ್ತವೆ, ದಿನಕ್ಕೆ 520. ಕೆಲವು 26ರಿಂದ ಭಾಗಿಸುತ್ತವೆ, ದಿನಕ್ಕೆ 600. ಒಂದು ದಿನ ತಪ್ಪಿಸಿದವನಿಗೆ ಎರಡೂ ಕಾಯ್ದೆಯ ಮಿತಿಯೊಳಗೇ ಇವೆ, ಏಕೆಂದರೆ ಮಿತಿ 26ರಲ್ಲಿ ಒಂದು ಪಾಲು, ಅಂದರೆ 600. ಹಾಗಾಗಿ 26ರಿಂದ ಭಾಗಿಸಿದರೆಂದು ಜಗಳಕ್ಕೆ ಹೋಗಿ ಪ್ರಯೋಜನವಿಲ್ಲ.

ಎಡವಟ್ಟು ಆಗುವುದು ಭಾನುವಾರದಲ್ಲಿ. ಅದೇ ನೌಕರ ಶನಿವಾರ ಮತ್ತು ಸೋಮವಾರ ಹೇಳದೆ ಬರಲಿಲ್ಲ. ನಡುವಿನ ಭಾನುವಾರವನ್ನೂ ಗೈರಿಗೆ ಸೇರಿಸಿ ಮೂರು ದಿನ ಬರೆಯುವ ರೂಢಿ ಅನೇಕ ಕಡೆ ಇದೆ. ಅವನು ಬರಬೇಕಿದ್ದ 26 ದಿನಗಳಲ್ಲಿ ತಪ್ಪಿಸಿದ್ದು ಎರಡೇ, ಮಿತಿ 1,200. ದಿನಕ್ಕೆ 600ರಂತೆ ಮೂರು ದಿನ ಹಿಡಿದರೆ 1,800 ಆಗುತ್ತದೆ. 520ರ ದರದಲ್ಲೂ 1,560. ಡಬಲ್ ಖಾಡಾ ಅಲ್ಲದಿದ್ದರೂ ಒಂದೂವರೆ ಖಾಡಾ!

ಭಾನುವಾರ ಸೇರಿಸುವ ಕಚೇರಿಗೂ ಒಂದು ವಾದವಿದೆ, ಅದನ್ನು ತಳ್ಳಿಹಾಕಲಾಗದು. 30ರಿಂದ ಭಾಗಿಸಿ ಕೆಲಸದ ದಿನಗಳನ್ನಷ್ಟೇ ಎಣಿಸಿದರೆ, ತಿಂಗಳಿಡೀ ಬಾರದವನಿಗೆ 13,520 ಹಿಡಿದು ಉಳಿದ 2,080 ಸುಮ್ಮನೆ ಕೊಡಬೇಕಾಗುತ್ತದೆ. ಲೆಕ್ಕ ಸರಿಯೋ ತಪ್ಪೋ ನೋಡಲು ಇದೇ ಸುಲಭದ ಪರೀಕ್ಷೆ: ತಿಂಗಳಿಡೀ ಗೈರು ಎಂದುಕೊಂಡು ಗುಣಿಸಿ. 26ರಿಂದ ಭಾಗಿಸಿ ಭಾನುವಾರವನ್ನೂ ಎಣಿಸುವ ಕಡೆ 18,000 ಬರುತ್ತದೆ, ಇಡೀ ಸಂಬಳಕ್ಕಿಂತ 2,400 ಹೆಚ್ಚು. ಭಾಗಿಸಿದ್ದು ಕೆಲಸದ ದಿನಗಳಿಂದ, ಎಣಿಸಿದ್ದು ಕ್ಯಾಲೆಂಡರಿನ ದಿನಗಳನ್ನು. 26ರಿಂದ ಭಾಗಿಸಿ ಕೆಲಸದ ದಿನಗಳನ್ನೇ ಎಣಿಸಿದರೆ ಮಾತ್ರ ಒಂದು ದಿನಕ್ಕೂ ಇಡೀ ತಿಂಗಳಿಗೂ ಉತ್ತರ ಸರಿಹೊಂದುತ್ತದೆ.

ಕಾಯ್ದೆ ಒಂದು ಕಡೆ ಮಾತ್ರ ಈ ಪಾಲಿನ ಲೆಕ್ಕವನ್ನು ತಾನೇ ಬಿಟ್ಟುಕೊಟ್ಟಿತು. ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು, ಕರಾರಿನಂತೆ ಕೊಡಬೇಕಾದ ನೋಟಿಸ್ ಕೊಡದೆ, ಸರಿಯಾದ ಕಾರಣವಿಲ್ಲದೆ ಗೈರಾದರೆ, ನೋಟಿಸಿನ ಬದಲಿಗೆಂದು ಪ್ರತಿಯೊಬ್ಬರಿಂದ ಎಂಟು ದಿನದವರೆಗಿನ ಸಂಬಳ ಹಿಡಿಯಲು ಅವಕಾಶ ಕೊಟ್ಟಿತು. ಒಬ್ಬನಿಗೆ ಎರಡು ದಿನ ಹಿಡಿಯುವುದನ್ನು ನಿಲ್ಲಿಸಿದ ಅದೇ ಸೆಕ್ಷನ್, ಹತ್ತು ಜನ ಸೇರಿದರೆ ಎಂಟಕ್ಕೆ ಒಪ್ಪಿತು. ಬರೆದವರ ಭಯ ಎಲ್ಲಿತ್ತು ಎಂದು ಊಹಿಸುವುದು ಕಷ್ಟವಲ್ಲ. ಈಗ ಆ ಕಾಯ್ದೆಯ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ಪಾಲಿನ ಮಿತಿಯೂ, ಹತ್ತು ಜನರ ಮೇಲಿನ ಆ ಎಂಟು ದಿನವೂ ಅದರೊಳಗೆ ಹಾಗೇ ಬಂದು ಕೂತಿವೆ.